ಪೋರ್ಟಿಕೊದಲ್ಲಿ ಮಿಟುಕುವ ಕೆಂಪು ದೀಪ, ಐದೇ ದಿನದಲ್ಲಿ ಡೌನ್ ಆಗುವ ಬ್ಯಾಟರಿ: ಕಾಪುವಿನ ಒಂದು ಪ್ರಕರಣ

ಕಾಪು ಕಡಲತೀರದಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಒಂದು ಮನೆ. ಪೋರ್ಟಿಕೊದಲ್ಲಿ ಏಳು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು, ಅದಕ್ಕೆ 35 ಎಎಚ್, ಅಂದರೆ 35 ಆಂಪಿಯರ್-ಗಂಟೆಯ ಬ್ಯಾಟರಿ. ಸರಿಯಾದ ಕೀಲಿ ಇಲ್ಲದೆ ಇಂಜಿನ್ ಹತ್ತದಂತೆ ತಡೆಯುವ ಇಮ್ಮೊಬಿಲೈಸರ್ ಕಂಪನಿಯಿಂದಲೇ ಬಂದಿದೆ, ಆದರೆ ಸೈರನ್ ಕೂಗುವ ಅಲಾರಂ ಇಲ್ಲ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ, ಎರಡು ಮೂರು ವಾರಕ್ಕೊಮ್ಮೆ ಬರುತ್ತಾರೆ. ಊರಿನಲ್ಲಿ ಕಾರು ತೆಗೆಯುವುದು ತಂದೆ, ಅದೂ ವಾರಕ್ಕೊಮ್ಮೆ ಉಡುಪಿಗೆ ಹೋಗಿ ಬರಲು ಮಾತ್ರ.

ಜೂನ್ ಕೊನೆಯಿಂದ ತೊಂದರೆ ಶುರುವಾಯಿತು. ಆರನೇ ದಿನ ಕೀಲಿ ತಿರುಗಿಸಿದರೆ ಸೆಲ್ಫ್ ಹೊಡೆಯುವುದಿಲ್ಲ, ಟಿಕ್ ಟಿಕ್ ಎಂಬ ಸದ್ದು ಮಾತ್ರ. ಪಕ್ಕದ ಮನೆಯ ಕಾರಿನಿಂದ ಜಂಪ್ ಕೊಟ್ಟರೆ ತಕ್ಷಣ ಸ್ಟಾರ್ಟ್. ಬ್ಯಾಟರಿ ಹಳೆಯದಾಗಿದೆಯೆಂದು ಹೊಸದು ಹಾಕಿಸಿದರು. ಆಟಿ ತಿಂಗಳ ಜಡಿಮಳೆಯಲ್ಲಿ ಹೊಸ ಬ್ಯಾಟರಿಯೂ ಐದನೇ ದಿನಕ್ಕೆ ಮಲಗಿತು. ಹೀಗೆ ಮೂರು ಸಲ ಆದ ಮೇಲೆ ಮನೆಯವರ ಕಣ್ಣು ಬಿದ್ದದ್ದು ಡ್ಯಾಶ್‌ಬೋರ್ಡಿನ ಕೆಂಪು ದೀಪದ ಮೇಲೆ. ಕಾರಿನ ಚಿತ್ರದ ಮೇಲೆ ಬೀಗದ ಗುರುತಿರುವ ಆ ದೀಪ ಕತ್ತಲಲ್ಲಿ ಸಿಟೌಟ್‌ವರೆಗೂ ಕಾಣುತ್ತದೆ. "ರಾತ್ರಿ ಇಡೀ ಅದು ಮಿಟುಕ್ತಾ ಇರ್ತದೆ ಮಗ, ಅದೇ ಬ್ಯಾಟರಿ ತಿನ್ನುದು" ಎಂದು ತಾಯಿ ಫೋನಿನಲ್ಲಿ ಹೇಳಿದರು. ಕರೆಸಿದ ಎಲೆಕ್ಟ್ರೀಷಿಯನ್ ಕೂಡ ಅದನ್ನೇ ಒಪ್ಪಿಕೊಂಡು, "ಆ ಲೈಟಿನ ವಯರ್ ಕಟ್ ಮಾಡುವ ಮಾರಾಯ್ರೆ, ಮತ್ತೆ ತೊಂದ್ರೆ ಇಲ್ಲ" ಎಂದ. ಇನ್ನೊಂದು ಗ್ಯಾರೇಜಿನವರು ಇಮ್ಮೊಬಿಲೈಸರೇ ಹೋಗಿದೆ, ಕೀಲಿ ಸಮೇತ ಹೊಸದಾಗಿ ಪ್ರೋಗ್ರಾಂ ಮಾಡಿಸಬೇಕು ಎಂದರು. ಎರಡೂ ತಪ್ಪು ತೀರ್ಮಾನ. ಆದರೆ ಹಾಗನ್ನಿಸಲು ಕಾರಣ ಇತ್ತು, ಆ ಕಾರಣವನ್ನು ಬಿಡಿಸಿ ನೋಡುವುದು ಅಗತ್ಯ.

ಆ ದೀಪ ಏನು ಹೇಳುತ್ತದೆ

ಕೀಲಿಯ ತಲೆಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಚಿಪ್ ಇರುತ್ತದೆ. ಅದಕ್ಕೆ ಸ್ವಂತ ಬ್ಯಾಟರಿ ಬೇಡ. ಕೀಲಿ ತಿರುಗಿಸಿದಾಗ, ಕೀಲಿ ತೂತಿನ ಸುತ್ತ ಇರುವ ತಾಮ್ರದ ಸುರುಳಿಯಿಂದಲೇ ಅದು ಶಕ್ತಿ ಪಡೆದು ತನ್ನ ಗುರುತು ಹೇಳುತ್ತದೆ. ಗುರುತು ಸರಿಯಾದರೆ ಇಂಜಿನ್ ಕಂಪ್ಯೂಟರ್ ಪೆಟ್ರೋಲ್ ಬಿಡುತ್ತದೆ, ಸರಿಯಾಗದಿದ್ದರೆ ಬಿಡುವುದಿಲ್ಲ. ಕಾರು ನಿಂತಿರುವಾಗ ಮಿಟುಕುವ ದೀಪ ಈ ಕಾವಲು ಚಾಲೂ ಇದೆ ಎಂದು ಹೊರಗಿನವನಿಗೆ ತಿಳಿಸುವುದಕ್ಕಷ್ಟೇ ಇದೆ. ಕೀಲಿ ಹೊರಗಿದ್ದಾಗ ಒಂದೆರಡು ಸೆಕೆಂಡಿಗೊಮ್ಮೆ, ಒಂದೇ ಲಯದಲ್ಲಿ ಮಿಟುಕುತ್ತಿದ್ದರೆ ಅದು ತನ್ನ ಕೆಲಸ ಮಾಡುತ್ತಿದೆ. ಕೆಲವು ಕಾರುಗಳಲ್ಲಿ ಲಾಕ್ ಮಾಡಿದ ಮೇಲೆ ಮೊದಲ ಅರ್ಧ ನಿಮಿಷ ಬೇಗ ಬೇಗ ಮಿಟುಕಿ ಆಮೇಲೆ ನಿಧಾನವಾಗುತ್ತದೆ. ಇನ್ನು ಕೆಲವದರಲ್ಲಿ ಲಾಕ್ ಮಾಡದಿದ್ದರೂ ಮಿಟುಕುತ್ತದೆ. ನಿಮ್ಮ ಕಾರಿನ ಲಯ ಯಾವುದೆಂದು ಕಾರು ಸರಿಯಿರುವಾಗಲೇ ಒಮ್ಮೆ ನೋಡಿಟ್ಟುಕೊಳ್ಳುವುದು ಒಳ್ಳೆಯದು.

ಅನುಮಾನ ಪಡಬೇಕಾದದ್ದು ಕೀಲಿ ಆನ್ ಮಾಡಿದ ಮೇಲಿನ ನಡತೆಯನ್ನು. ಆನ್ ಮಾಡಿದಾಗ ದೀಪ ಕೂಡಲೇ, ಅಥವಾ ಕೆಲವು ಸೆಕೆಂಡು ಉರಿದು, ಆರಿಹೋಗಬೇಕು. ಆರದೆ ಮಿಟುಕುತ್ತಲೇ ಇದ್ದರೆ ಕಾರಿಗೆ ಕೀಲಿಯ ಗುರುತು ಸಿಕ್ಕಿಲ್ಲ. ಆಗ ಮೊದಲು ಕೀಲಿಗೊಂಚಲನ್ನು ನೋಡಿ: ಇನ್ನೊಂದು ಚಿಪ್ ಕೀಲಿಯೋ ದಪ್ಪ ಲೋಹದ ಬಿಲ್ಲೆಯೋ ಅಂಟಿಕೊಂಡಿದ್ದರೆ ಓದುವಿಕೆಗೆ ಅಡ್ಡಿಯಾಗುತ್ತದೆ. ಒಂದೇ ಕೀಲಿಯನ್ನು ಬಿಡಿಸಿ ಹಾಕಿ, ಆಗದಿದ್ದರೆ ಮನೆಯಲ್ಲಿರುವ ಎರಡನೇ ಕೀಲಿ ಹಾಕಿ. ಎರಡನೆಯದರಲ್ಲಿ ಸ್ಟಾರ್ಟ್ ಆದರೆ ದೋಷ ಮೊದಲ ಕೀಲಿಯದ್ದು. ಬಟನ್ ಸ್ಟಾರ್ಟ್ ಕಾರಾದರೆ ರಿಮೋಟಿನ ಸಣ್ಣ ಬಿಲ್ಲೆ ಸೆಲ್ ಸೋತಿರಬಹುದು. ರಿಮೋಟನ್ನು ಬಟನ್ನಿಗೇ ತಾಗಿಸಿ ಹಿಡಿದು ಒತ್ತಿದರೆ ಹೆಚ್ಚಿನ ಕಾರುಗಳು ಸ್ಟಾರ್ಟ್ ಆಗುತ್ತವೆ.

ಗ್ಯಾರೇಜಿನವರು ಎಡವಿದ್ದು ಇಲ್ಲಿಯೇ. ಅವರು ಬಂದ ದಿನ ಕೀಲಿ ಆನ್ ಮಾಡಿ ಸೆಲ್ಫ್ ಕೊಟ್ಟಾಗ ಕೆಂಪು ದೀಪ ಎರ್ರಾಬಿರ್ರಿ ಮಿಟುಕಿದ್ದು ನಿಜ. ಆದರೆ ಅದು ರೋಗವಲ್ಲ, ಬ್ಯಾಟರಿ ಬತ್ತಿದ್ದರ ಪರಿಣಾಮ. ಸೋತ ಬ್ಯಾಟರಿಯ ಮೇಲೆ ಸ್ಟಾರ್ಟರ್ ಮೋಟರಿನ ಭಾರ ಬಿದ್ದಾಗ ವೋಲ್ಟೇಜ್ ಒಂಬತ್ತಕ್ಕಿಂತ ಕೆಳಗೆ ಕುಸಿಯುತ್ತದೆ, ಒಳಗಿನ ಕಂಪ್ಯೂಟರುಗಳು ಆರಿ ಮತ್ತೆ ಹೊತ್ತಿಕೊಳ್ಳುತ್ತವೆ, ಪ್ರತಿ ಸಲವೂ ದೀಪ ಹೊಸದಾಗಿ ಶುರು ಮಾಡುತ್ತದೆ. ಎರಡನ್ನೂ ಬೇರ್ಪಡಿಸಲು ಉಪಕರಣವೇ ಬೇಡ. ಹೆಡ್‌ಲೈಟ್ ಹಾಕಿ ಗೋಡೆಯ ಮೇಲೆ ಬೆಳಕು ನೋಡುತ್ತಾ ಕೀಲಿ ತಿರುಗಿಸಿ. ಬೆಳಕು ಪೂರ್ತಿ ಕುಂದಿದರೆ ಬ್ಯಾಟರಿ ಅಥವಾ ಅದರ ಟರ್ಮಿನಲ್. ಬೆಳಕು ಗಟ್ಟಿಯಾಗಿದ್ದು, ಸೆಲ್ಫ್ ಚೆನ್ನಾಗಿ ತಿರುಗಿಯೂ ಇಂಜಿನ್ ಹತ್ತದೆ, ದೀಪ ಮಿಟುಕುತ್ತಿದ್ದರೆ ಇಮ್ಮೊಬಿಲೈಸರ್. ಈ ಕಾರಿನಲ್ಲಿ ಬೆಳಕು ಸತ್ತೇ ಹೋಗುತ್ತಿತ್ತು, ಜಂಪ್ ಕೊಟ್ಟ ಕ್ಷಣ ಎಲ್ಲವೂ ಸರಿಯಾಗುತ್ತಿತ್ತು. ಜಂಪ್ ಕೊಟ್ಟು ಸ್ಟಾರ್ಟ್ ಆಗುವ ಕಾರಿಗೆ ಕೀಲಿ ಪ್ರೋಗ್ರಾಂ ಮಾಡಿಸುವುದು ದುಡ್ಡು ನೀರಿಗೆ ಹಾಕಿದಂತೆ.

ದೀಪ ಎಷ್ಟು ತಿನ್ನುತ್ತದೆ

ಇದಕ್ಕೆ ಲೆಕ್ಕವಿದೆ. ಆ ದೀಪ ಒಂದು ಸಣ್ಣ ಎಲ್‌ಇಡಿ. ಉರಿಯುವಾಗ ಸುಮಾರು 8 ಮಿಲಿ ಆಂಪಿಯರ್ ಎಂದಿಟ್ಟುಕೊಳ್ಳೋಣ. ಎರಡು ಸೆಕೆಂಡಿಗೊಮ್ಮೆ, ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ ಉರಿಯುವುದರಿಂದ ಸರಾಸರಿ ಬಳಕೆ 0.4 ಮಿಲಿ ಆಂಪಿಯರ್. ಒಂದು ದಿನಕ್ಕೆ 0.01 ಆಂಪಿಯರ್-ಗಂಟೆಯೂ ಆಗುವುದಿಲ್ಲ. 35 ಎಎಚ್ ಬ್ಯಾಟರಿಯನ್ನು ಈ ದೀಪವೊಂದೇ ಖಾಲಿ ಮಾಡಬೇಕೆಂದರೆ ಹತ್ತು ವರ್ಷ ಬೇಕು. ಅಷ್ಟರೊಳಗೆ ಬ್ಯಾಟರಿ ತಾನಾಗಿಯೇ ಸತ್ತಿರುತ್ತದೆ.

ದೀಪದ ಹಿಂದೆ ಎಚ್ಚರವಾಗಿರುವ ಭಾಗಗಳು ಅದಕ್ಕಿಂತ ಹೆಚ್ಚು ತಿನ್ನುತ್ತವೆ: ರಿಮೋಟಿನ ಸಂಕೇತಕ್ಕೆ ಕಾಯುವ ರಿಸೀವರ್, ಗಡಿಯಾರ, ಸ್ಟೀರಿಯೊದ ನೆನಪು, ಬಾಗಿಲು ಮತ್ತು ದೀಪಗಳನ್ನು ನೋಡಿಕೊಳ್ಳುವ ಬಾಡಿ ಕಂಟ್ರೋಲ್ ಪೆಟ್ಟಿಗೆ. ಇವೆಲ್ಲ ನಿದ್ದೆಗೆ ಹೋದ ಮೇಲೆ ಒಟ್ಟು 20ರಿಂದ 50 ಮಿಲಿ ಆಂಪಿಯರ್ ಇದ್ದರೆ ಸಾಮಾನ್ಯ. 20 ಎಂದರೆ ದಿನಕ್ಕೆ ಅರ್ಧ ಆಂಪಿಯರ್-ಗಂಟೆ, ತಿಂಗಳಿಗೆ ಹದಿನಾಲ್ಕೂವರೆ. 35 ಎಎಚ್ ಬ್ಯಾಟರಿಯಲ್ಲಿ ಶೇಕಡಾ 40ರಷ್ಟು ಹೋಯಿತು. ಆದ್ದರಿಂದ ಯಾವ ದೋಷವೂ ಇಲ್ಲದ ಸಣ್ಣ ಕಾರು ಕೂಡ ಒಂದು ತಿಂಗಳು ಮುಟ್ಟದೆ ನಿಂತರೆ ಸೆಲ್ಫ್ ಹೊಡೆಯದಿರಬಹುದು. ಗಲ್ಫಿಗೆ ಹೋದವರು ಆರು ತಿಂಗಳ ನಂತರ ಬಂದು ಕಾರು ಕೆಟ್ಟಿದೆ ಎನ್ನುವುದರಲ್ಲಿ ಹೆಚ್ಚಿನವು ಇಂಥವೇ. ಆದರೆ ಐದು ದಿನಕ್ಕೆ ಮಲಗುವುದು ಈ ಲೆಕ್ಕಕ್ಕೆ ಬರುವುದಿಲ್ಲ. ಐದು ದಿನದಲ್ಲಿ ಎರಡೂವರೆ ಆಂಪಿಯರ್-ಗಂಟೆ ಹೋಗಬೇಕಿದ್ದಲ್ಲಿ ಅದರ ಹತ್ತು ಪಟ್ಟು ಹೋಗುತ್ತಿತ್ತು. ಅಂದರೆ ಕಣ್ಣಿಗೆ ಕಾಣದ ಬೇರೇನೋ ಉರಿಯುತ್ತಿದೆ.

ಎಲೆಕ್ಟ್ರೀಷಿಯನ್ ಹೇಳಿದಂತೆ ಎಲ್‌ಇಡಿಯ ವಯರ್ ಕತ್ತರಿಸಿದ್ದರೆ ಕಾವಲೂ ನಿಲ್ಲುತ್ತಿರಲಿಲ್ಲ, ಕರೆಂಟಿನ ಸೋರಿಕೆಯೂ ನಿಲ್ಲುತ್ತಿರಲಿಲ್ಲ. ಮೀಟರ್ ಬೋರ್ಡ್ ಬಿಚ್ಚಿದ ಹಾನಿಯೊಂದೇ ಉಳಿಯುತ್ತಿತ್ತು.

ಹಗಲು ಏನೂ ಸಿಗಲಿಲ್ಲ

ಮೊದಲು ಬ್ಯಾಟರಿ ಮತ್ತು ಚಾರ್ಜಿಂಗ್ ನೋಡಬೇಕು. ಸೋರಿಕೆ ಹುಡುಕುವುದು ಅದರ ನಂತರ. ಬ್ಯಾಟರಿಯನ್ನು 4 ಆಂಪಿಯರ್ ಚಾರ್ಜರಿಗೆ ರಾತ್ರಿ ಇಟ್ಟು, ತೆಗೆದು ಆರು ಗಂಟೆ ಸುಮ್ಮನೆ ಬಿಟ್ಟು ಅಳೆದಾಗ 12.68 ವೋಲ್ಟ್ ಬಂತು. ಅದು ಪೂರ್ತಿ ತುಂಬಿದ ಬ್ಯಾಟರಿಯ ಅಂಕಿ. 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ, 12.0 ಎಂದರೆ ಕಾಲು ಭಾಗ ಮಾತ್ರ ಉಳಿದಿದೆ ಎಂದು ತಿಳಿಯಬಹುದು. ಚಾರ್ಜರ್ ತೆಗೆದ ಕೂಡಲೇ ಅಳೆದರೆ ಸುಳ್ಳು ಹೆಚ್ಚು ತೋರಿಸುತ್ತದೆ, ಅದಕ್ಕೇ ಆ ಆರು ಗಂಟೆಯ ಬಿಡುವು. ಇಂಜಿನ್ ಓಡುವಾಗ ಟರ್ಮಿನಲ್ಲಿನಲ್ಲಿ 14.2 ವೋಲ್ಟ್ ಇತ್ತು, ಅಲ್ಲಿಗೆ ಡೈನಮೊ ಸರಿ. ಟೆಸ್ಟರಿನಲ್ಲಿ ಬ್ಯಾಟರಿಯ ಎಳೆಯುವ ಶಕ್ತಿ ಬರೆದದ್ದಕ್ಕಿಂತ ಸ್ವಲ್ಪ ಕಡಿಮೆ ಬಂತು. ಮೂರು ಸಲ ಪೂರ್ತಿ ಬತ್ತಿದ ಹೊಸ ಬ್ಯಾಟರಿಗೆ ಅಷ್ಟು ಪೆಟ್ಟು ಬಿದ್ದೇ ಬೀಳುತ್ತದೆ, ಆದರೆ ಅದೊಂದರಿಂದ ಐದು ದಿನಕ್ಕೆ ಮಲಗುವುದಿಲ್ಲ.

ಇನ್ನು ಸೋರಿಕೆಯ ಅಳತೆ. ಮೀಟರನ್ನು ಬ್ಯಾಟರಿಯ ನೆಗೆಟಿವ್ ಕಂಬ ಮತ್ತು ನೆಗೆಟಿವ್ ಕ್ಲ್ಯಾಂಪಿನ ನಡುವೆ ಸೇರಿಸಬೇಕು, ಕರೆಂಟೆಲ್ಲ ಮೀಟರಿನ ಮೂಲಕವೇ ಹರಿಯುವಂತೆ. ಕೆಂಪು ವಯರ್ 10 ಆಂಪಿಯರ್ ತೂತಿನಲ್ಲಿರಬೇಕು. ಇಲ್ಲಿ ಅಗ್ಗದ ಮೀಟರಿನಿಂದ ಒಂದು ತೊಂದರೆ ಬರುತ್ತದೆ. ಅದು 10 ಆಂಪಿಯರಿನಲ್ಲಿ 0.02 ಎಂದಷ್ಟೇ ತೋರಿಸುತ್ತದೆ, 15 ಇದ್ದರೂ 24 ಇದ್ದರೂ ಅದೇ. 6000 ಎಣಿಕೆಯ ಮೀಟರಾದರೆ ಒಂದೊಂದು ಮಿಲಿ ಆಂಪಿಯರೂ ಕಾಣುತ್ತದೆ. ಹೆಚ್ಚು ಸ್ಪಷ್ಟವಾಗಿ ನೋಡೋಣವೆಂದು ಮಿಲಿ ಆಂಪಿಯರ್ ತೂತಿಗೆ ಬದಲಿಸಿದರೆ, ಕಾರು ನಡುವೆ ಒಮ್ಮೆ ಎಚ್ಚರವಾದರೂ ಸಾಕು, ಮೀಟರಿನ ಒಳಗಿನ ಫ್ಯೂಸ್ ಹೋಗಬಹುದು. ಈ ಕಾರಿನಲ್ಲಿ ಹಾಗೆ ಮಾಡಿದ್ದರೆ ಹೋಗುವ ಸಾಧ್ಯತೆ ಹೆಚ್ಚಿತ್ತು.

ಕ್ಲ್ಯಾಂಪ್ ಬಿಚ್ಚುವ ಮೊದಲೇ ಕಂಬದಿಂದ ಕ್ಲ್ಯಾಂಪಿಗೆ ಒಂದು ದಪ್ಪ ಜಂಪರ್ ವಯರ್ ಕಚ್ಚಿಸಬೇಕು. ಆಮೇಲೆ ಹತ್ತರ ಸ್ಪ್ಯಾನರಿನಲ್ಲಿ ಕ್ಲ್ಯಾಂಪ್ ಬಿಚ್ಚಿ, ಮೀಟರ್ ಸೇರಿಸಿ, ಕೊನೆಗೆ ಜಂಪರ್ ತೆಗೆಯಬೇಕು. ಒಂದು ಕ್ಷಣ ಕರೆಂಟ್ ತಪ್ಪಿದರೂ ಕಂಪ್ಯೂಟರುಗಳೆಲ್ಲ ಹೊಸದಾಗಿ ಏಳುತ್ತವೆ, ಮತ್ತು ಸಿಕ್ಕಿಹಾಕಿಕೊಂಡ ದೋಷವೇನಾದರೂ ಇದ್ದರೆ ಆ ಮರುಹುಟ್ಟಿನಲ್ಲಿ ಮಾಯವಾಗಿಬಿಡುತ್ತದೆ. ಕಾರನ್ನು ಲಾಕ್ ಮಾಡುವುದೂ ಜಂಪರ್ ಇರುವಾಗಲೇ, ಏಕೆಂದರೆ ಸೆಂಟ್ರಲ್ ಲಾಕಿನ ಮೋಟರುಗಳು ಒಟ್ಟಿಗೆ ಎಳೆದಾಗ 10 ಆಂಪಿಯರಿನ ಫ್ಯೂಸ್ ಕೂಡ ತಡೆಯದೆ ಇರಬಹುದು. ಫ್ಯೂಸ್ ಪೆಟ್ಟಿಗೆ ಸ್ಟೀರಿಂಗಿನ ಕೆಳಗಿದ್ದುದರಿಂದ ಚಾಲಕನ ಬಾಗಿಲು ತೆರೆದೇ ಇರಬೇಕಿತ್ತು. ಬಾಗಿಲಿನ ಅಂಚಿನ ಕೊಂಡಿಯನ್ನು ಸ್ಕ್ರೂಡ್ರೈವರಿನಲ್ಲಿ ಒತ್ತಿ ಮುಚ್ಚಿದ ಸ್ಥಿತಿಗೆ ತಂದರೆ ಬಾಗಿಲು ಮುಚ್ಚಿದೆ ಎಂದೇ ಕಾರು ನಂಬುತ್ತದೆ. ಕೆಲಸ ಮುಗಿದ ಮೇಲೆ ಹಿಡಿಕೆ ಎಳೆದು ಕೊಂಡಿ ಬಿಡಿಸದೆ ಬಾಗಿಲು ತಳ್ಳಿದರೆ ಕೊಂಡಿ ಮುರಿಯುತ್ತದೆ. ಗಡಿಬಿಡಿಯಲ್ಲಿ ಇದನ್ನು ಮರೆಯುವವರು ಬಹಳ.

ಮಧ್ಯಾಹ್ನ ಹನ್ನೆರಡಕ್ಕೆ ಹೀಗೆ ಅಳೆಯಲಾಯಿತು. ಆ ದಿನ ಮಳೆ ಹೊಳವಾಗಿತ್ತು. ಲಾಕ್ ಆದ ಕೂಡಲೇ 0.310 ಆಂಪಿಯರ್. ಇಲ್ಲಿಗೇ ನಿಲ್ಲಿಸಿ ಸೋರಿಕೆ ಸಿಕ್ಕಿತು ಎನ್ನುವುದು ಅತಿ ಸಾಮಾನ್ಯ ತಪ್ಪು. ಕಾರು ಇನ್ನೂ ನಿದ್ದೆಗೆ ಹೋಗಿರುವುದಿಲ್ಲ. ಕಾರಿನಿಂದ ಕಾರಿಗೆ ಕೆಲವು ನಿಮಿಷದಿಂದ ಮುಕ್ಕಾಲು ಗಂಟೆಯವರೆಗೂ ಬೇಕಾಗಬಹುದು. ಇದು ಒಂಬತ್ತು ನಿಮಿಷಕ್ಕೆ 0.021ಕ್ಕೆ ಇಳಿಯಿತು. ಕೆಂಪು ದೀಪ ಮಿಟುಕಿದಾಗ ಆಗೊಮ್ಮೆ ಈಗೊಮ್ಮೆ 0.024 ಎಂದು ಹಾರಿ ಮತ್ತೆ ಇಳಿಯುತ್ತಿತ್ತು. ತಾಯಿಯವರನ್ನು ಕರೆದು ತೋರಿಸಿದ್ದು ಇದನ್ನೇ: ಮಿಟುಕಿನ ಪಾಲು ಆ ಕೊನೆಯ ಅಂಕಿಯ ಅಲುಗಾಟ ಅಷ್ಟೇ. ಎರಡು ಗಂಟೆ ಕಾದರೂ 0.021 ಕದಲಲಿಲ್ಲ. ಮೀಟರಿನ ಪ್ರಕಾರ ಕಾರು ಆರೋಗ್ಯವಾಗಿತ್ತು.

ಇಲ್ಲಿ ಕೈಬಿಟ್ಟ ಪ್ರಕರಣಗಳು ಎಷ್ಟೋ. ಹಗಲು ಸರಿಯಿದ್ದು ಐದು ದಿನದಲ್ಲಿ ಮಲಗುತ್ತದೆ ಎಂದರೆ ಸೋರಿಕೆ ಬಂದು ಹೋಗುವಂಥದ್ದು, ಮತ್ತು ಜೂನ್‌ನಲ್ಲಿ ಶುರುವಾಗಿದೆ ಎಂದರೆ ಅದಕ್ಕೂ ತೇವಕ್ಕೂ ಸಂಬಂಧ ಇರಬೇಕು. ಆದ್ದರಿಂದ ಅಳತೆ ರಾತ್ರಿಗೆ ಸರಿಯಿತು.

ರಾತ್ರಿಯ ಅಳತೆ

ಹತ್ತೂ ಮುಕ್ಕಾಲಿಗೆ ಅದೇ ವ್ಯವಸ್ಥೆ. ಮೀಟರಿನ ತಾನಾಗಿ ಆರುವ ಗುಣವನ್ನು ತೆಗೆದು, ಎದುರಿಗೆ ಪವರ್ ಬ್ಯಾಂಕಿಗೆ ಸಿಕ್ಕಿಸಿದ ಹಳೆಯ ಫೋನನ್ನು ವಿಡಿಯೊಗೆ ಇಡಲಾಯಿತು. ಡಿಕ್ಕಿಯ ಮೇಲಿನ ತಟ್ಟೆಯನ್ನು ಮೊದಲೇ ತೆಗೆದಿಟ್ಟಿದ್ದರು, ಹಿಂದಿನ ಗಾಜಿನಿಂದ ಒಳಗೆ ಕಾಣಲಿ ಎಂದು.

ಸುಮಾರು ಎರಡು ಗಂಟೆ ಕಾಲ 0.021. ಹನ್ನೆರಡೂ ಐವತ್ತೆರಡಕ್ಕೆ ಅಂಕಿ ಒಮ್ಮೆಲೇ 0.630ಕ್ಕೆ ಏರಿತು. ಮೂವತ್ತು ಪಟ್ಟು. ಕೆಂಪು ದೀಪ ಅದೇ ಲಯದಲ್ಲಿ, ಎರಡು ಸೆಕೆಂಡಿಗೊಮ್ಮೆ ಮಿಟುಕುತ್ತಲೇ ಇತ್ತು. ಈ ಕಾರಿನಲ್ಲಿ ಆ ದೀಪಕ್ಕೂ ಸೋರಿಕೆಗೂ ಯಾವ ಕೊಂಡಿಯೂ ಇಲ್ಲ ಎಂಬುದು ಅಲ್ಲಿಗೆ ಖಚಿತವಾಯಿತು, ಮತ್ತು ಅದರ ಇನ್ನೊಂದು ಮಗ್ಗುಲೂ ಕಂಡಿತು: ದೀಪ ಸರಿಯಾಗಿ ಮಿಟುಕುತ್ತಿದೆ ಎಂಬುದು ಬ್ಯಾಟರಿ ಸುರಕ್ಷಿತವಾಗಿದೆ ಎನ್ನುವುದಕ್ಕೆ ಪುರಾವೆಯಲ್ಲ.

ಈಗ ಫ್ಯೂಸುಗಳನ್ನು ಒಂದೊಂದಾಗಿ ಕೀಳುವ ಹಳೆಯ ಕ್ರಮಕ್ಕೆ ಕೈ ಹಾಕಬಾರದು. ಕಿತ್ತು ಹಾಕುವಾಗ ಆ ಸಾಲಿನ ಕಂಪ್ಯೂಟರ್ ಎದ್ದು ಮತ್ತೆ ಮಲಗುತ್ತದೆ, ಹಿಡಿದ ದೋಷ ಕೈತಪ್ಪುತ್ತದೆ. ಫ್ಯೂಸನ್ನು ಜಾಗದಲ್ಲೇ ಬಿಟ್ಟು, ಅದರ ಬೆನ್ನಿನಲ್ಲಿ ಕಾಣುವ ಎರಡು ಸಣ್ಣ ಲೋಹದ ಚುಕ್ಕೆಗಳಿಗೆ ಇನ್ನೊಂದು ಮೀಟರಿನ ಮೊನೆ ಮುಟ್ಟಿಸಿ ಮಿಲಿ ವೋಲ್ಟ್ ಓದಬೇಕು. ಫ್ಯೂಸಿಗೂ ಒಂದಿಷ್ಟು ತಡೆ ಇರುತ್ತದೆ. ಅದರ ಮೂಲಕ ಕರೆಂಟ್ ಹರಿಯುತ್ತಿದ್ದರೆ ಎರಡು ಚುಕ್ಕೆಗಳ ನಡುವೆ ಸಣ್ಣ ವೋಲ್ಟೇಜ್ ಇರುತ್ತದೆ, ಹರಿಯದಿದ್ದರೆ ಸೊನ್ನೆ. ಚಿಕ್ಕ ಗಾತ್ರದ 10 ಆಂಪಿಯರ್ ಫ್ಯೂಸಿನಲ್ಲಿ ಒಂದು ಮಿಲಿ ವೋಲ್ಟ್ ಎಂದರೆ ಅಂದಾಜು 130 ಮಿಲಿ ಆಂಪಿಯರ್. ಎಲ್ಲ ಫ್ಯೂಸುಗಳೂ ಸೊನ್ನೆಯ ಹತ್ತಿರ ಇದ್ದಾಗ ಎರಡು ಮಾತ್ರ ಎದ್ದು ಕಂಡವು. ಒಳದೀಪಗಳ 10 ಆಂಪಿಯರ್ ಫ್ಯೂಸಿನಲ್ಲಿ 3.1 ಮಿಲಿ ವೋಲ್ಟ್, ಅಂದರೆ ಸುಮಾರು 400 ಮಿಲಿ ಆಂಪಿಯರ್. ಬಾಡಿ ಕಂಟ್ರೋಲಿನ ಫ್ಯೂಸಿನಲ್ಲಿ ಉಳಿದ ಇನ್ನೂರು ಚಿಲ್ಲರೆ.

400 ಮಿಲಿ ಆಂಪಿಯರ್ ಎಂದರೆ 5 ವ್ಯಾಟಿನ ಒಂದು ಬಲ್ಬು. ಒಳಗಿನ ಮೇಲ್ದೀಪ ಆರಿತ್ತು. ಹಿಂದಿನ ಗಾಜಿನಿಂದ ಇಣುಕಿದಾಗ ಡಿಕ್ಕಿಯ ಬಲಗೋಡೆಯ ತಗ್ಗಿನಲ್ಲಿರುವ ಪುಟ್ಟ ದೀಪ ಉರಿಯುತ್ತಿತ್ತು. ಡಿಕ್ಕಿ ಮುಚ್ಚಿಯೇ ಇತ್ತು. ತಟ್ಟೆ ಇದ್ದಿದ್ದರೆ ಆ ಬೆಳಕು ಹೊರಗೆ ಕಾಣುತ್ತಲೇ ಇರಲಿಲ್ಲ. ಮನೆಯವರಿಗೆ ಒಂದೂವರೆ ತಿಂಗಳು ಕಾಣದೇ ಹೋದದ್ದು ಹೀಗೆ. ಡಿಕ್ಕಿಯನ್ನು ಆಗ ತೆರೆಯಲಿಲ್ಲ, ತೆರೆದರೆ ಪುರಾವೆ ಕೆಡುತ್ತದೆ.

ಹದಿನೆಂಟು ನಿಮಿಷದ ಮೇಲೆ ದೀಪ ಆರಿ ಅಂಕಿ ಇಳಿಯಿತು. ಹತ್ತು ನಿಮಿಷಕ್ಕೆ ಮತ್ತೆ ಏರಿತು. ಬೆಳಗಿನ ಆರೂವರೆಯವರೆಗೆ ವಿಡಿಯೊ ನೋಡಿ ಕೂಡಿಸಿದಾಗ ಸುಮಾರು ಐದು ಗಂಟೆ ಕಾರು ಎಚ್ಚರವಾಗಿತ್ತು. ಮಳೆ ಹಿಡಿದ ದಿನ ಹಗಲಿನಲ್ಲೂ ಎರಡು ಮೂರು ಗಂಟೆ ಸೇರಿದರೆ ಒಟ್ಟು ಏಳೆಂಟು ಗಂಟೆ. ಏಳು ಗಂಟೆಗೆ 0.63 ಆಂಪಿಯರಿನಂತೆ 4.4, ಉಳಿದ ಹದಿನೇಳು ಗಂಟೆಯ ನಿದ್ದೆಗೆ 0.36, ಒಟ್ಟು ದಿನಕ್ಕೆ 4.8 ಆಂಪಿಯರ್-ಗಂಟೆ. ಐದು ದಿನಕ್ಕೆ 24. ಕಾಪುವಿನಿಂದ ಉಡುಪಿಗೆ ವಾರಕ್ಕೊಮ್ಮೆ ಹೋಗಿ ಬರುವ ಅರ್ಧ ಮುಕ್ಕಾಲು ಗಂಟೆಯ ಓಟದಲ್ಲಿ ಬ್ಯಾಟರಿ ಪೂರ್ತಿ ತುಂಬುವುದಿಲ್ಲ, ಆದ್ದರಿಂದ ಪ್ರತಿ ವಾರವೂ ಅದು 35ರಿಂದಲ್ಲ, 30ರ ಆಸುಪಾಸಿನಿಂದ ಶುರು ಮಾಡುತ್ತಿತ್ತು. ಐದನೇ ದಿನ ಉಳಿಯುವ ಐದಾರು ಆಂಪಿಯರ್-ಗಂಟೆಯಲ್ಲಿ ಸ್ಟಾರ್ಟರ್ ತಿರುಗುವುದಿಲ್ಲ. ಮನೆಯವರು ಹೇಳಿದ ಕಥೆಗೂ ಮೀಟರಿನ ಲೆಕ್ಕಕ್ಕೂ ತಾಳೆ ಬಿತ್ತು. ಸೋರಿಕೆಯೊಂದು ಸಿಕ್ಕ ಕೂಡಲೇ ಹಿಗ್ಗದೆ ಈ ತಾಳೆ ನೋಡಲೇಬೇಕು. ಅಂಕಿಗಳು ಹೊಂದದಿದ್ದರೆ ಇನ್ನೊಂದು ಸೋರಿಕೆ ಎಲ್ಲೋ ಉಳಿದಿರುತ್ತದೆ.

ಮುಚ್ಚಿದ ಡಿಕ್ಕಿ ತೆರೆದಂತೆ ಕಂಡದ್ದೇಕೆ

ಡಿಕ್ಕಿಯ ಬೀಗದ ಒಳಗೇ ಒಂದು ಸಣ್ಣ ಸ್ವಿಚ್ ಇದೆ. ಈ ಕಾರಿನಲ್ಲಿ ಅದು ನೇರವಾಗಿ ಬಲ್ಬು ಹೊತ್ತಿಸುವುದಿಲ್ಲ. ಡಿಕ್ಕಿ ತೆರೆದಾಗ ಒಂದು ತೆಳು ವಯರನ್ನು ಅರ್ತ್‌ಗೆ ಮುಟ್ಟಿಸುತ್ತದೆ, ಅದನ್ನು ನೋಡಿ ಬಾಡಿ ಕಂಟ್ರೋಲ್ ಎದ್ದು ಬಲ್ಬಿಗೆ ಕರೆಂಟ್ ಬಿಡುತ್ತದೆ. ಆ ತೆಳು ವಯರಿನಲ್ಲಿ ಹರಿಯುವುದು ಕೆಲವೇ ಮಿಲಿ ಆಂಪಿಯರ್. ಆದ್ದರಿಂದ ಅದನ್ನು ಮೋಸಗೊಳಿಸಲು ಗಟ್ಟಿ ಸಂಪರ್ಕ ಬೇಡ, ಎರಡು ಪಿನ್ನುಗಳ ನಡುವೆ ಒದ್ದೆ ಉಪ್ಪಿನ ತೆಳು ಪದರ ಸಾಕು.

ಡಿಕ್ಕಿಯ ಒಳಮುಚ್ಚಳ ಬಿಚ್ಚಿದಾಗ ಕಂಡದ್ದು ಅದೇ. ಕನೆಕ್ಟರಿನಲ್ಲಿ ಹಸಿರು ಬಿಳಿ ಕಿಲುಬು, ಕೆಳಗೆ ನೀರು ಇಳಿದ ಗೆರೆ. ಗೆರೆಯನ್ನು ಹಿಡಿದು ಮೇಲೆ ಹೋದರೆ, ಛಾವಣಿಯಿಂದ ಡಿಕ್ಕಿ ಬಾಗಿಲಿಗೆ ವಯರಿನ ಕಟ್ಟು ಇಳಿಯುವ ಜಾಗದ ರಬ್ಬರ್ ಕೊಳವೆ ಮಡಿಕೆಯಲ್ಲಿ ಸೀಳಿತ್ತು. ಏಳು ವರ್ಷ ತೆರೆದು ಮುಚ್ಚಿ, ಬಿಸಿಲಿಗೆ ಗಡುಸಾಗಿ ಬಿರಿದಿತ್ತು. ಪೋರ್ಟಿಕೊದ ಶೀಟು ಕಾರಿನ ಹಿಂಭಾಗಕ್ಕಿಂತ ಸ್ವಲ್ಪ ಗಿಡ್ಡ. ಗಾಳಿಮಳೆಗೆ ಇರಚಲು ಬಡಿಯುವುದು ಸರಿಯಾಗಿ ಅಲ್ಲಿಗೇ. ನೀರು ಸೀಳಿನಿಂದ ಒಳಗೆ ಹೋಗಿ, ವಯರಿನ ಮೈಮೇಲೆ ಹರಿದು, ತುದಿಯಲ್ಲಿದ್ದ ಕನೆಕ್ಟರಿಗೇ ಇಳಿಯುತ್ತಿತ್ತು.

ಕಡಲ ಬದಿಯ ಊರಿನಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹಗಲು ಶೀಟಿನ ಕೆಳಗೆ ಕಾದ ಡಿಕ್ಕಿಯಲ್ಲಿ ಪದರ ಒಣಗಿ ಕರೆಂಟ್ ಬಿಡುವುದಿಲ್ಲ. ನಡುರಾತ್ರಿಯ ನಂತರ ಲೋಹ ತಣ್ಣಗಾಗಿ ಬೆವರಿದಾಗ ಅದೇ ಪದರ ಮತ್ತೆ ಒದ್ದೆಯಾಗುತ್ತದೆ, ಮಳೆ ಇಲ್ಲದ ರಾತ್ರಿಯಲ್ಲೂ. ಮಧ್ಯಾಹ್ನ ಬಂದು ನೋಡಿದವರಿಗೆ ಏನೂ ಸಿಗದೇ ಇದ್ದದ್ದು ಅವರ ಅಸಡ್ಡೆಯಿಂದಲ್ಲ. ಒಳದೀಪ ಮರೆತು ಬಿಟ್ಟರೆ ಒಂದಷ್ಟು ಹೊತ್ತಿನಲ್ಲಿ ತಾನೇ ಆರಿಸುವ ಟೈಮರ್ ಈ ಕಾರಿನಲ್ಲೂ ಇದೆ. ಆದರೆ ಒದ್ದೆ ಪದರ ಒಮ್ಮೆ ಮುಟ್ಟಿ ಒಮ್ಮೆ ಬಿಡುವುದರಿಂದ, ಯಾರೋ ಡಿಕ್ಕಿ ಮುಚ್ಚಿ ಮತ್ತೆ ತೆರೆದಂತಾಗಿ, ಟೈಮರ್ ಪ್ರತಿ ಸಲವೂ ಸೊನ್ನೆಯಿಂದ ಎಣಿಸುತ್ತಿತ್ತು. ಪೂರ್ತಿ ಕೆಟ್ಟು ಸದಾ ಮುಟ್ಟಿಕೊಂಡಿರುವ ಸ್ವಿಚ್ಚಿಗಿಂತ ಅರೆಬರೆ ಕೆಟ್ಟದ್ದು ಬ್ಯಾಟರಿಯನ್ನು ಹೆಚ್ಚು ತಿನ್ನುವುದು ಇದೇ ಕಾರಣಕ್ಕೆ.

ಖಚಿತಪಡಿಸಿಕೊಳ್ಳಲು ಆ ಕನೆಕ್ಟರನ್ನು ಬಿಚ್ಚಿ ಮುಂದಿನ ರಾತ್ರಿ ಪೂರ್ತಿ ಅಳೆದರು. ಬೆಳಗಿನವರೆಗೂ 0.021. ಆಮೇಲೆಯೇ ದುರಸ್ತಿ.

ದುರಸ್ತಿ

ಸ್ವಿಚ್ ಬೇರೆ ಸಿಗುವುದಿಲ್ಲವಾದ್ದರಿಂದ ಡಿಕ್ಕಿಯ ಬೀಗವನ್ನೇ ಹೊಸದು ಹಾಕಲಾಯಿತು. ಸೀಳಿದ ರಬ್ಬರ್ ಕೊಳವೆಯನ್ನೂ ಬದಲಿಸಿದರು. ಇದನ್ನು ಬಿಟ್ಟು ಬೀಗ ಮಾತ್ರ ಬದಲಿಸಿದ್ದರೆ ಮುಂದಿನ ಮಳೆಗಾಲಕ್ಕೆ ಇದೇ ಕಥೆ. ಕನೆಕ್ಟರಿನ ವಯರ್ ತುದಿಯಲ್ಲಿ ತಾಮ್ರ ಕಪ್ಪಾಗಿದ್ದಷ್ಟನ್ನು, ಸುಮಾರು ಎರಡು ಇಂಚು, ಕತ್ತರಿಸಿ ಹೊಸ ತುಂಡು ಬೆಸೆದು, ಒಳಗೆ ಅಂಟಿರುವ ಬಿಸಿಗೆ ಕುಗ್ಗುವ ಕೊಳವೆ ಹಾಕಿದರು. ಬರೀ ಇನ್ಸುಲೇಷನ್ ಟೇಪು ನಮ್ಮ ಸೆಕೆಗೆ ಒಂದೇ ವರ್ಷದಲ್ಲಿ ಅಂಟು ಬಿಟ್ಟು ನೀರು ಹಿಡಿದಿಡುತ್ತದೆ. ಪಿನ್ನುಗಳನ್ನು ಕಾಂಟ್ಯಾಕ್ಟ್ ಕ್ಲೀನರಿನಲ್ಲಿ ತೊಳೆದು ಒಣಗಿಸಿ, ಕನೆಕ್ಟರಿನ ಬಾಯಿಗೆ ಸಿಲಿಕೋನ್ ಗ್ರೀಸ್ ತುಂಬಿದರು. ಪಿನ್ನನ್ನು ಉಪ್ಪುಕಾಗದದಿಂದ ಉಜ್ಜಬಾರದು: ಮೇಲಿನ ತವರದ ಲೇಪ ಹೋದರೆ ಕಿಲುಬು ಇನ್ನೂ ಬೇಗ ಬರುತ್ತದೆ. ಕೊನೆಗೆ ವಯರನ್ನು ಕನೆಕ್ಟರಿಗಿಂತ ಒಂದು ಗೇಣು ಕೆಳಗೆ ಜೋತುಬೀಳುವಂತೆ ಬಳುಕಿಸಿ ಕಟ್ಟಿದರು. ಎಲ್ಲಿಂದಾದರೂ ನೀರು ಬಂದರೆ ಆ ಬಳುಕಿನ ತಳದಿಂದ ತೊಟ್ಟಿಕ್ಕುತ್ತದೆ, ಕನೆಕ್ಟರಿಗೆ ಏರುವುದಿಲ್ಲ. ಡಿಕ್ಕಿಯ ಬಲ್ಬನ್ನು ಎಲ್‌ಇಡಿಗೆ ಬದಲಿಸುವ ಸಲಹೆಯೂ ಬಂತು. ಅದರಿಂದ ದೀಪದ ಪಾಲು ಕಡಿಮೆಯಾದೀತು, ಎಚ್ಚರಗೊಂಡ ಬಾಡಿ ಕಂಟ್ರೋಲಿನ ಇನ್ನೂರು ಮಿಲಿ ಆಂಪಿಯರ್ ಹಾಗೇ ಉಳಿಯುತ್ತದೆ. ಹಾಗಾಗಿ ಕೈಬಿಟ್ಟರು.

ಈ ನಡುವೆ ತಂದೆಯವರು ಪ್ರತಿ ಸಂಜೆ ನೆಗೆಟಿವ್ ಟರ್ಮಿನಲ್ ಬಿಚ್ಚಿಡುತ್ತಿದ್ದರು. ತಾತ್ಕಾಲಿಕವಾಗಿ ಅದು ತಪ್ಪೇನಲ್ಲ. ಗಡಿಯಾರ, ಸ್ಟೀರಿಯೊ ಮತ್ತು ಗಾಜಿನ ಸೆಟ್ಟಿಂಗ್ ಹೋಗುತ್ತವೆ, ಕಳ್ಳರ ಭಯ ಮಾತ್ರ ಹೆಚ್ಚುವುದಿಲ್ಲ. ಟರ್ಮಿನಲ್ ಬಿಚ್ಚಿದಾಗ ಕೆಂಪು ದೀಪ ಆರಿದರೂ, ಕೀಲಿಯ ಗುರುತು ಇಂಜಿನ್ ಕಂಪ್ಯೂಟರಿನಲ್ಲಿ ಅಳಿಯದೆ ಇರುತ್ತದೆ. ಮತ್ತೆ ಜೋಡಿಸಿದರೂ ಸರಿಯಾದ ಕೀಲಿ ಇಲ್ಲದೆ ಇಂಜಿನ್ ಹತ್ತದು.

ಹೊರಗೆ ಹಾಕಿಸಿದ ಸೈರನ್ ಅಲಾರಂ, ಜಿಪಿಎಸ್ ಟ್ರ್ಯಾಕರ್, ನೇರ ಬ್ಯಾಟರಿಗೆ ಕೊಟ್ಟ ಡ್ಯಾಶ್ ಕ್ಯಾಮೆರಾ ಇರುವ ಕಾರಾದರೆ ಅಳತೆಗೆ ಮೊದಲೇ ಅವನ್ನು ಬಿಚ್ಚಿಡುವುದು ಒಳ್ಳೆಯದು. ಆ ಅಲಾರಮ್ಮಿನ ನೀಲಿ ಅಥವಾ ಕೆಂಪು ದೀಪ ಕಂಪನಿಯ ದೀಪವಲ್ಲ, ಅದರ ಲಯ ಕಾರಿನ ಪುಸ್ತಕದಲ್ಲಿ ಸಿಗುವುದಿಲ್ಲ, ಮತ್ತು ಅದರ ಪೆಟ್ಟಿಗೆಯ ಜೋಡಣೆ ಸಡಿಲವಾದರೆ ಅದೇ ಸೋರಿಕೆಯೂ ಆಗಬಹುದು. ಈ ಕಾರಿನಲ್ಲಿ ಅಂಥದ್ದು ಯಾವುದೂ ಇರಲಿಲ್ಲ.

ದುರಸ್ತಿಯ ಮೇಲೆ ಬ್ಯಾಟರಿಯನ್ನು ಮತ್ತೊಮ್ಮೆ ಪೂರ್ತಿ ಚಾರ್ಜ್ ಮಾಡಿ, 12.68 ವೋಲ್ಟಿನಲ್ಲಿ ಲಾಕ್ ಮಾಡಿ ಬಿಟ್ಟರು. ಒಂಬತ್ತು ದಿನ ಯಾರೂ ಮುಟ್ಟಲಿಲ್ಲ, ಅದರಲ್ಲಿ ಆರು ದಿನ ಬಿಡದೆ ಮಳೆ. 21 ಮಿಲಿ ಆಂಪಿಯರಿನ ಲೆಕ್ಕದಲ್ಲಿ ನಾಲ್ಕೂವರೆ ಆಂಪಿಯರ್-ಗಂಟೆ, ಶೇಕಡಾ 13ರಷ್ಟು ಹೋಗಬೇಕಿತ್ತು. ಹತ್ತನೇ ಬೆಳಿಗ್ಗೆ ಕೀಲಿ ಆನ್ ಮಾಡುವ ಮೊದಲೇ ಬಾನೆಟ್ ಎತ್ತಿ ಅಳೆದಾಗ 12.54 ವೋಲ್ಟ್ ಇತ್ತು, ಲೆಕ್ಕಕ್ಕೆ ಸರಿಯಾಗಿ. ಕೀಲಿ ಆನ್ ಮಾಡಿದಾಗ ಕೆಂಪು ದೀಪ ಆರಿತು, ಮೊದಲ ಸೆಲ್ಫಿಗೇ ಇಂಜಿನ್ ಹತ್ತಿತು. ಮೂರು ವಾರಕ್ಕಿಂತ ಹೆಚ್ಚು ಕಾಲ ಮನೆ ಬಿಟ್ಟು ಹೋಗುವುದಾದರೆ ಮಾತ್ರ ನೆಗೆಟಿವ್ ಟರ್ಮಿನಲ್ ಬಿಚ್ಚಿಡಿ ಎಂದು ತಂದೆಯವರಿಗೆ ಹೇಳಲಾಗಿದೆ. ಹತ್ತರ ಸ್ಪ್ಯಾನರ್ ಈಗ ಡ್ಯಾಶ್‌ಬೋರ್ಡಿನ ಖಾನೆಯಲ್ಲೇ ಇರುತ್ತದೆ.